ವೃತ್ತನಕ್ಷೆಯ ಛಾಯಾಚಿತ್ರ: ಕೋನದಿಂದ ಆವೃತ್ತಿಗೆ

ಒಂದು ವಿದ್ಯಾರ್ಥಿನಿಲಯದಲ್ಲಿ 72 ಮಂದಿ ಬಾಲಕರಿದ್ದಾರೆ ಎಂದು ಇಟ್ಟುಕೊಳ್ಳಬಹುದು. ಅವರೆಲ್ಲರಿಗೂ ಪಾದರಕ್ಷೆಗಳನ್ನು ಕೊಡಿಸಲು ಹೊರ ಊರಿನ ದಾನಿಯೊಬ್ಬರು ಮುಂದೆ ಬಂದಿದ್ದಾರೆ. ಯಾವ ಅಳತೆಯವು ಎಷ್ಟು ಜೊತೆ ಬೇಕೆಂಬುದನ್ನು ತಿಳಿಸಬೇಕು. ಬಾಲಕರ ಪಾದದ ಅಳತೆಗಳನ್ನು ಗಣಿತದ ಉಪಾಧ್ಯಾಯರು ಹಿಂದೆಯೇ ಸಂಗ್ರಹಿಸಿ, ಅದರ ವೃತ್ತನಕ್ಷೆಯನ್ನು ಮಕ್ಕಳಿಂದ ಬರೆಯಿಸಿ, ಸಭಾಂಗಣದ ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿಸಿದ್ದರು. ಮೂಲ ಪಟ್ಟಿ ಕೈಗೆ ಸಿಗಲಿಲ್ಲ. ಯಾರೋ ಒಬ್ಬರು ಕೆಳಗೆ ನಿಂತು, ಮೊಬೈಲನ್ನು ಮೇಲಕ್ಕೆತ್ತಿ, ನಕ್ಷೆಯ ಚಿತ್ರವನ್ನು ತೆಗೆದು ದಾನಿಗಳಿಗೆ ಕಳುಹಿಸಿದರು. ಚಿತ್ರದಲ್ಲಿ ಐದು ಬಣ್ಣಗಳ ಐದು ಖಂಡಗಳಿವೆ. ಒಂದೊಂದರಲ್ಲಿಯೂ 5, 6, 7, 8, 9 ಎಂಬ ಪಾದರಕ್ಷೆಯ ಅಳತೆಯನ್ನು ಬರೆದಿದೆ. ಕೆಳಗೆ ‘ಒಟ್ಟು ಬಾಲಕರು 72’ ಎಂದಿದೆ. ಬೇರೆ ಯಾವ ಸಂಖ್ಯೆಯೂ ಇಲ್ಲ. ಈ ಚಿತ್ರವೊಂದರಿಂದಲೇ ಲೆಕ್ಕವನ್ನು ಹೊರತೆಗೆಯಬೇಕಾಗಿದೆ.

ಇದು ಕಲ್ಪಿತ ಉದಾಹರಣೆ. ಆದರೆ ಪ್ರೌಢಶಾಲೆಯ ಸಂಖ್ಯಾಶಾಸ್ತ್ರದ ಪಾಠದಲ್ಲಿ ಬರುವ ಮೂರು ಮಾತುಗಳು, ಅಂದರೆ ಆವೃತ್ತಿ, ಬಹುಲಕ, ಸಂಭವನೀಯತೆ, ಇದರಲ್ಲಿ ಒಂದರ ಹಿಂದೆ ಒಂದರಂತೆ ಬರುತ್ತವೆ. ಅಲ್ಲದೆ ಪಾಠಪುಸ್ತಕದಲ್ಲಿ ಸಾಮಾನ್ಯವಾಗಿ ಬಾರದ ತೊಡಕೊಂದು ಇದರಲ್ಲಿದೆ. ಪುಸ್ತಕದ ವೃತ್ತ ವೃತ್ತವೇ ಆಗಿರುತ್ತದೆ. ಛಾಯಾಚಿತ್ರದ ವೃತ್ತ ಹಾಗಿರುವುದೆಂಬ ಭರವಸೆಯಿಲ್ಲ.

ಮೊದಲು ನಕ್ಷೆಯ ವಿಚಾರ. ವೃತ್ತವನ್ನು ಹೋಳುಗಳಾಗಿ ವಿಭಾಗಿಸಿ ಪ್ರಮಾಣಗಳನ್ನು ತೋರಿಸುವ ಈ ಕ್ರಮವನ್ನು ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1801ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬಳಸಿದನು. ತುರ್ಕಿ ಸಾಮ್ರಾಜ್ಯದ ಭೂಭಾಗ ಏಷ್ಯಾ, ಯೂರೋಪು, ಆಫ್ರಿಕಗಳಲ್ಲಿ ಎಷ್ಟೆಷ್ಟು ಹರಡಿತ್ತೆಂಬುದನ್ನು ಅವನು ಒಂದೇ ವೃತ್ತದ ಮೂರು ಖಂಡಗಳಾಗಿ ತೋರಿಸಿದನು. ಇದಕ್ಕೆ ಈಗ ‘ಪೈ ನಕ್ಷೆ’ ಎಂಬ ಹೆಸರೂ ಬಳಕೆಯಲ್ಲಿದೆ. ಈ ‘ಪೈ’ಗೂ ಪರಿಧಿ ವ್ಯಾಸಗಳ ಅನುಪಾತವಾದ ‘ಪೈ’ಗೂ ಸಂಬಂಧವಿದೆಯೆಂದು ಅನೇಕ ವಿದ್ಯಾರ್ಥಿಗಳು ತಿಳಿಯುತ್ತಾರೆ. ಅದು ತಪ್ಪು. ಇಲ್ಲಿಯ ಪೈ ಎಂಬುದು ಹೂರಣ ತುಂಬಿ ಬೇಯಿಸಿ, ಹೋಳುಮಾಡಿ ಹಂಚುವ ಒಂದು ಪಾಶ್ಚಾತ್ಯ ಭಕ್ಷ್ಯದ ಹೆಸರು. ಕನ್ನಡದ ‘ವೃತ್ತನಕ್ಷೆ’ಯಲ್ಲಿ ಈ ಗೊಂದಲವಿಲ್ಲದಿರುವುದರಿಂದ ಅದೇ ಮೇಲು.

ವೃತ್ತದ ಕೇಂದ್ರದ ಸುತ್ತಲೂ ಇರುವ ಕೋನ 360 ಡಿಗ್ರಿ. ಅದು ಇಲ್ಲಿ 72 ಬಾಲಕರಿಗೆ ಸಮನಾಗಿ ಹಂಚಿಹೋಗಿದೆ. ಆದುದರಿಂದ ಒಬ್ಬ ಬಾಲಕನ ಪಾಲಿಗೆ 5 ಡಿಗ್ರಿ. ಯಾವುದೇ ಖಂಡದ ಕೇಂದ್ರಕೋನವನ್ನು ಅಳೆದು 5ರಿಂದ ಭಾಗಿಸಿದರೆ ಆ ಖಂಡದ ಬಾಲಕರ ಸಂಖ್ಯೆ ಬರುತ್ತದೆ. ಇದನ್ನೇ ಸೂತ್ರರೂಪದಲ್ಲಿ ಹೇಳುವುದಾದರೆ:

ಆವೃತ್ತಿ = (ಕೇಂದ್ರಕೋನ ÷ 360) × ಒಟ್ಟು ಸಂಖ್ಯೆ

ಇಲ್ಲಿ ‘ಆವೃತ್ತಿ’ ಎಂಬ ಮಾತಿನ ಬಗೆಗೆ ಒಂದೆರಡು ಮಾತು ಅಗತ್ಯ. ಗ್ರಂಥದ ಮೊದಲನೆಯ ಆವೃತ್ತಿ, ಎರಡನೆಯ ಆವೃತ್ತಿ ಎಂದು ಕೇಳಿ ಅಭ್ಯಾಸವಾದ ವಿದ್ಯಾರ್ಥಿಗೆ ಈ ಪದ ಇಲ್ಲಿ ಹೇಗೆ ಬಂದಿತೆಂದು ಸಂದೇಹ ಬರುತ್ತದೆ. ಮೂಲಾರ್ಥ ಎರಡು ಕಡೆಯೂ ಒಂದೇ: ಮರಳಿ ಬರುವುದು. 72 ಪಾದಗಳ ಅಳತೆಗಳನ್ನು ಒಂದೊಂದಾಗಿ ಓದುತ್ತ ಹೋದರೆ ‘6’ ಎಂಬುದು ಎಷ್ಟು ಸಲ ಮರಳಿ ಬರುತ್ತದೆಯೋ ಅದೇ 6ರ ಆವೃತ್ತಿ. ಇಷ್ಟು ಮನಸ್ಸಿನಲ್ಲಿದ್ದರೆ ಆವೃತ್ತಿಯು ಎಂದೂ ಪೂರ್ಣಾಂಕವೇ ಆಗಿರಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಅಳತೆಯೊಂದು ಅರ್ಧ ಸಲ ಮರಳಿ ಬರುವುದಿಲ್ಲ; ಅರ್ಧ ಬಾಲಕನೂ ಇಲ್ಲ. ಈ ಸಾಮಾನ್ಯ ವಿಷಯ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಅಳೆಯುವ ಕೆಲಸವನ್ನು ಮೊಬೈಲಿನ ತೆರೆಯ ಮೇಲೆಯೇ ಮಾಡಲು ಹೋಗಬಾರದು. ವೃತ್ತದ ವ್ಯಾಸ 4 ಸೆಂಟಿಮೀಟರ್ ಇದ್ದರೆ, ಒಂದು ಡಿಗ್ರಿಯ ಕೋನಕ್ಕೆ ಪರಿಧಿಯಲ್ಲಿ ದೊರೆಯುವ ಅಂತರ ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟು ಮಾತ್ರ. ಬಳಪದ ಗೆರೆಯ ದಪ್ಪವೇ ಅದಕ್ಕಿಂತ ಹೆಚ್ಚಾದೀತು. ವ್ಯಾಸ 10 ಸೆಂಟಿಮೀಟರ್ ಆಗುವಂತೆ ಮುದ್ರಿಸಿಕೊಂಡರೆ ಅದೇ ಒಂದು ಡಿಗ್ರಿಗೆ ಮುಕ್ಕಾಲು ಮಿಲಿಮೀಟರಿಗೂ ಮೀರಿದ ಅಂತರ ದೊರೆತು, ಕೋನಮಾಪಕದಲ್ಲಿ ಅರ್ಧ ಡಿಗ್ರಿಯವರೆಗೆ ಓದಬಹುದು. ಗೆರೆಗಳು ಚಿಕ್ಕವಾಗಿ ಕೋನಮಾಪಕದ ಅಂಚನ್ನು ಮುಟ್ಟದಿದ್ದರೆ ಅವುಗಳನ್ನು ಅಳತೆಪಟ್ಟಿಯಿಂದ ಹೊರಕ್ಕೆ ಬೆಳೆಸಬಹುದು. ಆದರೆ ಮೂಲ ಗೆರೆಯ ದಿಕ್ಕಿನಲ್ಲಿ ತಪ್ಪಿದ್ದರೆ ಬೆಳೆಸಿದ ಗೆರೆಯಲ್ಲಿಯೂ ಅಷ್ಟೇ ತಪ್ಪಿರುತ್ತದೆ.

ದಾನಿಗಳ ಮನೆಯಲ್ಲಿ ಓದುತ್ತಿರುವ ಹುಡುಗನೊಬ್ಬನು ಹೀಗೆ ಚಿತ್ರವನ್ನು ಮುದ್ರಿಸಿಕೊಂಡು ಕುಳಿತನೆನ್ನೋಣ. ನಕ್ಷೆಯಲ್ಲಿ 5ನೆಯ ಅಳತೆಯ ಖಂಡವು ನೆತ್ತಿಯಿಂದ ಆರಂಭವಾಗಿ ಬಲಕ್ಕೆ ಇಳಿಯುತ್ತದೆ. ಅದರ ಮುಂದೆ, ಬಲಪಕ್ಕದಲ್ಲಿ 6, ತಳದಲ್ಲಿ 7, ಎಡಪಕ್ಕದಲ್ಲಿ 8, ಮತ್ತೆ ನೆತ್ತಿಯನ್ನು ಮುಟ್ಟುವಂತೆ 9. ಹುಡುಗನು ಕೋನಮಾಪಕವನ್ನು ಕೇಂದ್ರದಲ್ಲಿರಿಸಿ ಎಚ್ಚರಿಕೆಯಿಂದ ಅಳೆದಾಗ ಬಂದ ಬೆಲೆಗಳು ಇವು:

ಅಳತೆ 5: 46½ ಡಿಗ್ರಿ
ಅಳತೆ 6: 92½ ಡಿಗ್ರಿ
ಅಳತೆ 7: 106½ ಡಿಗ್ರಿ
ಅಳತೆ 8: 68½ ಡಿಗ್ರಿ
ಅಳತೆ 9: 46 ಡಿಗ್ರಿ

ಕೂಡಿದರೆ ಸರಿಯಾಗಿ 360. ಪಾಠಶಾಲೆಯಲ್ಲಿ ಕಲಿಸಿದ ತಾಳೆ ಇದೇ; ಅದು ಸರಿಹೋದುದರಿಂದ ಅವನಿಗೆ ಧೈರ್ಯ ಬಂದಿತು. 5ರಿಂದ ಭಾಗಿಸಿದಾಗ ಕ್ರಮವಾಗಿ 9.3, 18.5, 21.3, 13.7, 9.2 ಎಂದು ಬಂದವು. ಭಿನ್ನಾಂಶಗಳನ್ನು ಅಳತೆಯ ಚಿಕ್ಕ ತಪ್ಪುಗಳೆಂದು ತಳ್ಳಿಹಾಕಿ, ಹತ್ತಿರದ ಪೂರ್ಣಾಂಕಕ್ಕೆ ತಂದು, 9, 19, 21, 14, 9 ಎಂದು ಬರೆದನು. ಕೂಡಿದರೆ 72. ಇದೂ ತಾಳೆಯಾಯಿತು. ಅತಿ ಹೆಚ್ಚಿನ ಆವೃತ್ತಿ 21. ಆದುದರಿಂದ ಬಹುಲಕ 7 ಎಂದು ನಿರ್ಣಯಿಸಿದನು.

ಎರಡು ತಾಳೆಗಳೂ ಸರಿಹೋಗಿವೆ. ಆದರೂ ಉತ್ತರ ತಪ್ಪು. ಉಪಾಧ್ಯಾಯರ ಮೂಲ ಪಟ್ಟಿಯಲ್ಲಿ ಇದ್ದ ಸಂಖ್ಯೆಗಳು ಕ್ರಮವಾಗಿ 8, 21, 19, 16, 8. ಬಹುಲಕ 7 ಅಲ್ಲ, 6. ಹುಡುಗನ ಲೆಕ್ಕದಂತೆ 72 ಜೊತೆ ಪಾದರಕ್ಷೆಗಳು ಬಂದಿಳಿದರೆ 6ರ ಅಳತೆಯ ಇಬ್ಬರಿಗೂ 8ರ ಅಳತೆಯ ಇಬ್ಬರಿಗೂ ಹಿಡಿಸುವ ಜೊತೆ ಇರುವುದಿಲ್ಲ. ಅತ್ತ 7ರಲ್ಲಿ ಎರಡು, 5ರಲ್ಲಿ ಒಂದು, 9ರಲ್ಲಿ ಒಂದು ಜೊತೆ ಹಾಕಿಕೊಳ್ಳುವವರಿಲ್ಲದೆ ಉಳಿಯುತ್ತವೆ. ಒಟ್ಟು ಸಂಖ್ಯೆ ಸರಿಯಾಗಿದ್ದೂ ನಾಲ್ವರು ಬಾಲಕರು ಬರಿಗಾಲಿನಲ್ಲಿ ನಿಲ್ಲಬೇಕಾಗುತ್ತದೆ.

ತಪ್ಪು ಹುಡುಗನದಲ್ಲ, ಕೋನಮಾಪಕದ್ದೂ ಅಲ್ಲ. ನಕ್ಷೆಯು ನೋಡುವವನ ಕಣ್ಣಿನ ಮಟ್ಟದಿಂದ 3 ಮೀಟರ್ ಮೇಲಿದ್ದಿತು. ಚಿತ್ರ ತೆಗೆದವರು ಗೋಡೆಯಿಂದ 4 ಮೀಟರ್ ದೂರದಲ್ಲಿ ನಿಂತಿದ್ದರು. ಲಂಬಕೋನ ತ್ರಿಭುಜದ ನಿಯಮದಂತೆ ಕಣ್ಣಿನಿಂದ ನಕ್ಷೆಗೆ ಇರುವ ದೂರ 5 ಮೀಟರ್. ಹೀಗೆ ಓರೆಯಾಗಿ ನೋಡಿದಾಗ ಗೋಡೆಯ ಮೇಲಿನ ಅಡ್ಡಳತೆಗಳು ಇದ್ದಂತೆಯೇ ಕಾಣುತ್ತವೆ. ನಿಲುವಳತೆಗಳು ಮಾತ್ರ ಐದರಲ್ಲಿ ನಾಲ್ಕು ಪಾಲಿಗೆ ಕುಗ್ಗುತ್ತವೆ. 10 ಸೆಂಟಿಮೀಟರ್ ಅಗಲದ ವೃತ್ತವು ಚಿತ್ರದಲ್ಲಿ 10 ಸೆಂಟಿಮೀಟರ್ ಅಗಲವೂ 8 ಸೆಂಟಿಮೀಟರ್ ಎತ್ತರವೂ ಉಳ್ಳ ದೀರ್ಘವೃತ್ತವಾಗುತ್ತದೆ. ಊಟದ ತಟ್ಟೆಯನ್ನು ಓರೆಯಾಗಿ ನೋಡಿದಾಗ ಆಗುವುದೂ ಇದೇ. ತಟ್ಟೆ ದುಂಡಗಿದೆಯೆಂದು ಬಲ್ಲ ಬುದ್ಧಿಯು ಕಣ್ಣಿನ ಮಾತನ್ನು ತಿದ್ದಿಕೊಳ್ಳುತ್ತದೆಯಾದುದರಿಂದ, ಎದುರಿಗೆ ದೀರ್ಘವೃತ್ತವಿದ್ದರೂ ನೋಡುವವನು ‘ವೃತ್ತ’ವೆಂದೇ ಓದಿಬಿಡುತ್ತಾನೆ. ಕೋನಮಾಪಕಕ್ಕೆ ಅಂತಹ ಬುದ್ಧಿಯಿಲ್ಲ. ಅದು ಇದ್ದುದನ್ನು ಇದ್ದಂತೆ ಅಳೆಯುತ್ತದೆ.

ನಿಲುವು ಕುಗ್ಗಿದಾಗ ಕೋನಗಳಿಗೆ ಏನಾಗುತ್ತದೆ? ನೆತ್ತಿಯ ಕಡೆಗೂ ತಳದ ಕಡೆಗೂ ಮುಖಮಾಡಿದ ಖಂಡಗಳು ತುಳಿದ ಮಣ್ಣಿನಂತೆ ಪಕ್ಕಕ್ಕೆ ಹರಡಿಕೊಂಡು ಅವುಗಳ ಕೋನ ಹಿಗ್ಗುತ್ತದೆ. ಎಡಬಲಗಳಿಗೆ ಮುಖಮಾಡಿದ ಖಂಡಗಳ ಎರಡು ಅಂಚುಗಳು ಪರಸ್ಪರ ಹತ್ತಿರ ಬಂದು ಅವುಗಳ ಕೋನ ಕುಗ್ಗುತ್ತದೆ. ಬಲಪಕ್ಕದಲ್ಲಿದ್ದ 6ರ ಖಂಡ 105 ಡಿಗ್ರಿಯಿಂದ 92½ಕ್ಕೆ ಇಳಿದುದೂ, ತಳದಲ್ಲಿದ್ದ 7ರ ಖಂಡ 95ರಿಂದ 106½ಕ್ಕೆ ಏರಿದುದೂ ಈ ಕಾರಣದಿಂದ. ಹಿಗ್ಗುವುದೂ ಕುಗ್ಗುವುದೂ ಒಂದೇ ಬಿಂದುವಿನ ಸುತ್ತ ನಡೆಯುವುದರಿಂದ ಮೊತ್ತ ಯಾವಾಗಲೂ 360 ಆಗಿಯೇ ಇರುತ್ತದೆ. ವ್ಯಾಸವು ಓರೆನೋಟದಲ್ಲಿಯೂ ನೇರಗೆರೆಯೇ ಆಗಿರುವುದರಿಂದ 180 ಡಿಗ್ರಿಯ ಖಂಡವೂ ಕೆಡುವುದಿಲ್ಲ. ಆದುದರಿಂದ 360ರ ತಾಳೆ ಎಣಿಕೆಯಲ್ಲಿ ಒಂದು ಖಂಡ ಬಿಟ್ಟುಹೋದುದನ್ನು ಹಿಡಿದುಕೊಡಬಲ್ಲುದೇ ಹೊರತು ಓರೆನೋಟವನ್ನು ಹಿಡಿದುಕೊಡಲಾರದು. ಸರಾಸರಿಯೂ ಈ ವಿಷಯದಲ್ಲಿ ಮೂಕಸಾಕ್ಷಿ. ಮೂಲ ಪಟ್ಟಿಯಂತೆ ಎಲ್ಲ ಅಳತೆಗಳ ಮೊತ್ತ 40 + 126 + 133 + 128 + 72 = 499. ಹುಡುಗನ ಪಟ್ಟಿಯಂತೆ 45 + 114 + 147 + 112 + 81, ಇದೂ 499. ಎರಡರಲ್ಲಿಯೂ ಸರಾಸರಿ 6.93. ಪಟ್ಟಿ ಕೆಟ್ಟಿದ್ದರೂ ಸರಾಸರಿ ಕದಲಲಿಲ್ಲ. ಬಹುಲಕ ಮಾತ್ರ ಸ್ಥಾನಪಲ್ಲಟ ಹೊಂದಿತು.

ಹಾಗಾದರೆ ತಪ್ಪನ್ನು ಕಂಡುಹಿಡಿಯುವ ಬಗೆ ಯಾವುದು? ಹುಡುಗನು ತಳ್ಳಿಹಾಕಿದ ಭಿನ್ನಾಂಶಗಳಲ್ಲಿಯೇ ಸುಳಿವು ಇದ್ದಿತು. ಪ್ರತಿ ಅಂಚನ್ನು ಓದುವಾಗ ಅರ್ಧ ಡಿಗ್ರಿ ತಪ್ಪಬಹುದು. ಖಂಡಕ್ಕೆ ಎರಡು ಅಂಚುಗಳಿರುವುದರಿಂದ ಹೆಚ್ಚೆಂದರೆ ಒಂದು ಡಿಗ್ರಿ ತಪ್ಪಬಹುದು. ಒಂದು ಡಿಗ್ರಿಯೆಂದರೆ ಇಲ್ಲಿ ಬಾಲಕನ ಐದರಲ್ಲೊಂದು ಪಾಲು, ಅಂದರೆ 0.2. ಆದುದರಿಂದ 18.8 ಅಥವಾ 19.2 ಎಂದು ಬಂದರೆ ಅದು 19 ಎಂದು ನಿಸ್ಸಂದೇಹವಾಗಿ ಬರೆಯಬಹುದು. 18.5 ಎಂದು ಬಂದರೆ ಹಾಗಲ್ಲ; ಅದು 18ರಿಂದಲೂ 19ರಿಂದಲೂ ಎರಡೂವರೆ ಡಿಗ್ರಿ ದೂರದಲ್ಲಿದೆ. ಕೈತಪ್ಪಿನಿಂದ ಅಷ್ಟು ವ್ಯತ್ಯಾಸವಾಗದು. ಐದು ಖಂಡಗಳಲ್ಲಿ ನಾಲ್ಕು ಈ ಮಿತಿಯನ್ನು ಮೀರಿದ್ದಾಗ, ಭಿನ್ನವನ್ನು ಒರೆಸಿಹಾಕುವ ಮೊದಲು ಚಿತ್ರವನ್ನೇ ಸಂದೇಹಿಸಬೇಕಾಗಿತ್ತು. ಭಿನ್ನಾಂಶವನ್ನು ಕೂಡಲೇ ಪೂರ್ಣಾಂಕಕ್ಕೆ ತಂದುಬಿಡುವ ಅಭ್ಯಾಸವನ್ನು ತರಗತಿಗಳಲ್ಲಿ ತುಸು ಬೇಗನೆ ಕಲಿಸಲಾಗುತ್ತಿದೆಯೆಂದೇ ಹೇಳಬೇಕು.

ಈ ಪರೀಕ್ಷೆಗೂ ಒಂದು ಮಿತಿಯಿದೆ. ಬಾಲಕರು 72ರ ಬದಲು 720 ಮಂದಿ ಇದ್ದಿದ್ದರೆ ಒಬ್ಬನ ಪಾಲು ಅರ್ಧ ಡಿಗ್ರಿಯಷ್ಟೇ ಆಗಿ, ಓದುವ ತಪ್ಪೇ ಇಬ್ಬರು ಬಾಲಕರನ್ನು ನುಂಗಿಬಿಡುತ್ತಿತ್ತು; ಭಿನ್ನಾಂಶದಿಂದ ಏನೂ ತಿಳಿಯುತ್ತಿರಲಿಲ್ಲ. ಎಲ್ಲ ಸಂದರ್ಭಗಳಿಗೂ ಹೊಂದುವ ಪರೀಕ್ಷೆ ಇನ್ನೂ ಸುಲಭವಾದದ್ದು. ಕೋನಮಾಪಕವನ್ನು ಮುಟ್ಟುವ ಮೊದಲೇ ಅಳತೆಪಟ್ಟಿಯನ್ನು ತೆಗೆದುಕೊಂಡು ಚಿತ್ರದ ವೃತ್ತದ ಅಗಲವನ್ನೂ ಎತ್ತರವನ್ನೂ, ಜೊತೆಗೆ ಎರಡು ಓರೆ ವ್ಯಾಸಗಳನ್ನೂ ಅಳೆಯುವುದು. ನಾಲ್ಕೂ ಸಮನಾಗಿದ್ದರೆ ಕೋನಗಳನ್ನು ನಂಬಬಹುದು. ಇಲ್ಲಿ 10 ಮತ್ತು 8 ಎಂದು ಬರುವುದರಿಂದ ನಂಬಲಾಗದು.

ನಂಬಲಾಗದೆಂದ ಮಾತ್ರಕ್ಕೆ ಚಿತ್ರ ವ್ಯರ್ಥವೆಂದು ಅರ್ಥವಲ್ಲ. ಕೈವಾರ ಮತ್ತು ಮೂಲೆಮಟ್ಟಗಳಿಂದ ಅದನ್ನು ಮರಳಿ ವೃತ್ತಕ್ಕೆ ತರಬಹುದು. ದೀರ್ಘವೃತ್ತದ ಅತ್ಯಂತ ಉದ್ದವಾದ ವ್ಯಾಸವನ್ನು, ಇಲ್ಲಿ 10 ಸೆಂಟಿಮೀಟರಿನ ಅಡ್ಡಗೆರೆಯನ್ನು, ಮೊದಲು ಎಳೆಯಬೇಕು. ಅದನ್ನೇ ವ್ಯಾಸವಾಗಿಟ್ಟು, ಅದೇ ಕೇಂದ್ರದಿಂದ, 5 ಸೆಂಟಿಮೀಟರ್ ತ್ರಿಜ್ಯದ ಪೂರ್ಣವೃತ್ತವನ್ನು ರಚಿಸಬೇಕು. ಆ ವೃತ್ತವು ಚಿತ್ರವನ್ನು ಹೊರಗಿನಿಂದ ಆವರಿಸಿ ಎರಡು ಪಕ್ಕಗಳಲ್ಲಿ ಮಾತ್ರ ಅದನ್ನು ಮುಟ್ಟುತ್ತದೆ. ಈಗ ಖಂಡದ ಅಂಚು ಚಿತ್ರದ ಪರಿಧಿಯನ್ನು ಸೇರುವ ಬಿಂದುವನ್ನು ಗುರುತಿಸಿ, ಆ ಬಿಂದುವಿನ ಮೂಲಕ ಅಡ್ಡಗೆರೆಗೆ ಲಂಬವಾಗಿ ಗೆರೆಯೆಳೆದು, ಅದು ಹೊರಗಿನ ವೃತ್ತವನ್ನು ಮುಟ್ಟುವವರೆಗೆ ಬೆಳೆಸಬೇಕು. ಮುಟ್ಟಿದ ಸ್ಥಳವನ್ನು ಕೇಂದ್ರಕ್ಕೆ ಸೇರಿಸಿದರೆ ಅದೇ ಆ ಅಂಚಿನ ನಿಜವಾದ ದಿಕ್ಕು.

5ರ ಮತ್ತು 6ರ ಖಂಡಗಳ ನಡುವಣ ಅಂಚನ್ನು ತೆಗೆದುಕೊಂಡು ನೋಡಬಹುದು. ಅದು ಚಿತ್ರದ ಪರಿಧಿಯನ್ನು ಸೇರುವ ಬಿಂದು ಕೇಂದ್ರದಿಂದ ಬಲಕ್ಕೆ 32 ಮಿಲಿಮೀಟರ್, ಮೇಲಕ್ಕೆ 30½ ಮಿಲಿಮೀಟರ್ ದೂರದಲ್ಲಿದೆ. ಲಂಬವನ್ನು ಬೆಳೆಸಿದಾಗ ಬಲಕ್ಕಿರುವ 32 ಹಾಗೆಯೇ ಉಳಿದು, ಎತ್ತರ ಮಾತ್ರ 38 ಮಿಲಿಮೀಟರ್ ಆಗುತ್ತದೆ. ಇದು 30½ನ್ನು 0.8ರಿಂದ ಭಾಗಿಸಿದ ಫಲವೇ ಆಗಿದೆ. ಕುಗ್ಗಿದ್ದ ನಿಲುವನ್ನು ಮತ್ತೆ ಎತ್ತಿ ನಿಲ್ಲಿಸಿದಂತಾಯಿತು. ನೆತ್ತಿಯಿಂದ ಈ ಅಂಚಿನವರೆಗಿನ ಕೋನ ಚಿತ್ರದಲ್ಲಿ 46½ ಡಿಗ್ರಿಯಿದ್ದದ್ದು ಈಗ 40 ಡಿಗ್ರಿಯಾಗಿ ಕಾಣುತ್ತದೆ. ಉಳಿದ ಮೂರು ಓರೆ ಅಂಚುಗಳಿಗೂ ಹೀಗೆಯೇ ಮಾಡಬೇಕು. ನೆತ್ತಿಗೆ ನೇರವಾಗಿರುವ ಅಂಚು ತಾನಿದ್ದಲ್ಲಿಯೇ ಇರುತ್ತದೆ. ಹೊಸ ಗೆರೆಗಳ ನಡುವೆ ಅಳೆದಾಗ ಕೈತಪ್ಪು ಸೇರಿ 40½, 104½, 95, 80, 40 ಎಂದು ಬಂದರೂ, 5ರಿಂದ ಭಾಗಿಸಿದಾಗ 8.1, 20.9, 19, 16, 8 ಎಂದಾಗುತ್ತದೆ. ಈಗ ಎಲ್ಲ ಭಿನ್ನಾಂಶಗಳೂ ಮಿತಿಯೊಳಗಿವೆ. ಆವೃತ್ತಿಗಳು 8, 21, 19, 16, 8 ಎಂದು ಸಂಶಯವಿಲ್ಲದೆ ಬರೆಯಬಹುದು.

ಈ ರಚನೆಯನ್ನು ಮಾಡಲು ಬೇಸರವೆನ್ನುವವರಿಗೆ ಇನ್ನೊಂದು ದಾರಿಯಿದೆ. ಅದು ನೋಡಲು ವಿಚಿತ್ರವಾದರೂ ಯುಕ್ತವಾದದ್ದು. ನಿಲುವಳತೆಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಪ್ರತಿಯೊಂದು ಖಂಡದ ವಿಸ್ತೀರ್ಣವೂ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತದೆ. ಪೂರ್ಣಚಿತ್ರದ ವಿಸ್ತೀರ್ಣವೂ ಹಾಗೆಯೇ. ಆದಕಾರಣ ಓರೆಚಿತ್ರದಲ್ಲಿ ಕೋನ ಸುಳ್ಳಾಡಿದರೂ ವಿಸ್ತೀರ್ಣಗಳ ಅನುಪಾತ ಸುಳ್ಳಾಡುವುದಿಲ್ಲ. ಚಿತ್ರವನ್ನು ಮಿಲಿಮೀಟರ್ ಚೌಕಗಳ ಕಾಗದದ ಮೇಲೆ ಪಡಿಯಚ್ಚು ತೆಗೆದು ಚೌಕಗಳನ್ನು ಎಣಿಸಿದರೆ, ಒಟ್ಟು ಸುಮಾರು 62.8 ಚದರ ಸೆಂಟಿಮೀಟರ್ ದೊರೆಯುತ್ತದೆ. ಅದರಲ್ಲಿ 6ರ ಖಂಡಕ್ಕೆ ಸುಮಾರು 18.3, 7ರ ಖಂಡಕ್ಕೆ ಸುಮಾರು 16.6. ಕಡಿಮೆ ಕೋನವುಳ್ಳ ಖಂಡ ಹೆಚ್ಚು ವಿಸ್ತಾರವಾಗಿರುವುದು ಪೂರ್ಣವೃತ್ತದಲ್ಲಿ ಎಂದೂ ಸಾಧ್ಯವಿಲ್ಲ. ಇಲ್ಲಿ ಹಾಗೆ ಕಂಡುಬಂದುದೇ ಚಿತ್ರ ಓರೆಯೆಂಬುದಕ್ಕೆ ಮತ್ತೊಂದು ಸಾಕ್ಷಿ.

ಆದರೆ ಈ ಎರಡು ಉಪಾಯಗಳೂ ನಕ್ಷೆಯ ಗಾತ್ರಕ್ಕೆ ಹೋಲಿಸಿದರೆ ಬಹಳ ದೂರದಿಂದ ತೆಗೆದ ಚಿತ್ರಕ್ಕೆ ಮಾತ್ರ ಸಲ್ಲುತ್ತವೆ. ನಕ್ಷೆಯ ವ್ಯಾಸ ಒಂದು ಅಡಿ, ದೂರ 5 ಮೀಟರ್ ಇದ್ದಾಗ, ಚಿತ್ರದಲ್ಲಿ ಕೇಂದ್ರದಿಂದ ಮೇಲಕ್ಕಿರುವ ತ್ರಿಜ್ಯಕ್ಕೂ ಕೆಳಕ್ಕಿರುವ ತ್ರಿಜ್ಯಕ್ಕೂ ಒಂದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸ ಬರುತ್ತದೆ. ಅದನ್ನು ಇಲ್ಲಿ ಗಣಿಸಿಲ್ಲ. ಮೇಜಿನ ಮೇಲಿಟ್ಟ ಪುಸ್ತಕದ ನಕ್ಷೆಯನ್ನು ಗೇಣು ದೂರದಿಂದ ಓರೆಯಾಗಿ ತೆಗೆದರೆ ಸಂಗತಿ ಬೇರೆ. ಹತ್ತಿರದ ಭಾಗ ದೊಡ್ಡದಾಗಿ, ದೂರದ ಭಾಗ ಚಿಕ್ಕದಾಗಿ, ಖಂಡಗಳು ಸೇರುವ ಬಿಂದುವು ದೀರ್ಘವೃತ್ತದ ನಡುವಿನಿಂದ ಸ್ಪಷ್ಟವಾಗಿ ಸರಿದಿರುತ್ತದೆ. ಪುಟದ ಎರಡು ಅಂಚುಗಳು ಸಮಾನಾಂತರವಾಗಿರದೆ ಒಂದು ಕಡೆಗೆ ಕೂಡುವಂತೆ ತೋರುತ್ತವೆ. ಅಂತಹ ಚಿತ್ರದಲ್ಲಿ ವಿಸ್ತೀರ್ಣವೂ ನಂಬಿಕೆಗೆ ಅರ್ಹವಲ್ಲ. ಮತ್ತೊಮ್ಮೆ ಚಿತ್ರ ತೆಗೆಯಿಸುವುದೇ ಲೇಸು.

ತೆಗೆಯುವಾಗ ನಕ್ಷೆಯ ಎದುರಿಗೆ ಏಣಿ ಹತ್ತಿ ನಿಲ್ಲಬೇಕಾಗಿಲ್ಲ. ಮೊಬೈಲಿನ ಬೆನ್ನು ಗೋಡೆಗೆ ಸಮಾನಾಂತರವಾಗಿ ನೆಟ್ಟಗಿದ್ದರೆ ಸಾಕು. ಅದನ್ನು ಮೇಲಕ್ಕೆ ಓಲಿಸದೆ, ನಕ್ಷೆಯು ಚಿತ್ರದ ಮೇಲ್ಭಾಗದಲ್ಲಿ ಬರುವಷ್ಟು ಹಿಂದಕ್ಕೆ ಸರಿದು ತೆಗೆದರೆ ವೃತ್ತ ವೃತ್ತವಾಗಿಯೇ ಮೂಡುತ್ತದೆ. ಬಳಿಕ ಬೇಕಾದಷ್ಟು ಭಾಗವನ್ನು ಕತ್ತರಿಸಿಕೊಳ್ಳಬಹುದು. ಮುದ್ರಿಸುವಾಗ ಪುಟಕ್ಕೆ ಹೊಂದಿಸಲೆಂದು ಅಗಲವನ್ನೋ ಎತ್ತರವನ್ನೋ ಮಾತ್ರ ಎಳೆಯದಂತೆ ಎಚ್ಚರವಿರಬೇಕು. ಅದರಿಂದಲೂ ಇದೇ ದೋಷ ಬರುತ್ತದೆ. ಅಲಂಕಾರಕ್ಕಾಗಿ ದಪ್ಪ ಬಿಲ್ಲೆಯಂತೆ ಓರೆಯಾಗಿ ಬರೆದ ವೃತ್ತನಕ್ಷೆಗಳು ಪತ್ರಿಕೆಗಳಲ್ಲಿಯೂ ವರದಿಗಳಲ್ಲಿಯೂ ಬಹಳವಾಗಿ ಕಾಣಸಿಗುತ್ತವೆ. ಅವು ಹುಟ್ಟುವಾಗಲೇ ಈ ದೋಷವನ್ನು ಹೊತ್ತು ಬಂದಿರುತ್ತವೆ. ಕೋನಮಾಪಕವನ್ನು ಅವುಗಳ ಹತ್ತಿರಕ್ಕೆ ಒಯ್ಯದಿರುವುದೇ ಒಳ್ಳೆಯದು.

ಇನ್ನು ಬಹುಲಕ. ಇಂಗ್ಲಿಷಿನಲ್ಲಿ ‘ಮೋಡ್’ ಎಂಬ ಹೆಸರನ್ನು ಈ ಅರ್ಥದಲ್ಲಿ ಕಾರ್ಲ್ ಪಿಯರ್ಸನ್ನನು 1895ರಲ್ಲಿ ಬಳಕೆಗೆ ತಂದನು. ಕನ್ನಡದಲ್ಲಿ ‘ರೂಢಿಬೆಲೆ’ ಎಂದೂ ಹೇಳುವುದುಂಟು. ಎಲ್ಲಕ್ಕಿಂತ ಬಹುಳವಾಗಿ ಬರುವ ಬೆಲೆಯೇ ಬಹುಲಕ. ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಇಲ್ಲಿ ಆಗುವ ತಪ್ಪು ಒಂದೇ ಬಗೆಯದು: ಬಹುಲಕ 21 ಎಂದೋ, 105 ಡಿಗ್ರಿ ಎಂದೋ ಬರೆಯುವುದು. 105 ಡಿಗ್ರಿ ಆ ಖಂಡದ ಕೋನ; 21 ಅದರ ಆವೃತ್ತಿ; ಬಹುಲಕವು ಆ ಖಂಡದ ಮೇಲೆ ಬರೆದ ಬೆಲೆ, ಅಂದರೆ 6. ಪಾದರಕ್ಷೆಯ ವ್ಯಾಪಾರಿಗೆ ಸರಾಸರಿಯಿಂದ ಹೆಚ್ಚಿನ ಉಪಯೋಗವಿಲ್ಲ, 6.93 ಅಳತೆಯ ಪಾದರಕ್ಷೆಯನ್ನು ಯಾರೂ ಹೊಲಿಯುವುದಿಲ್ಲ. ಅದನ್ನು 7 ಎಂದು ತಿದ್ದಿಕೊಂಡು ಎಲ್ಲಕ್ಕಿಂತ ಹೆಚ್ಚಾಗಿ 7ನ್ನೇ ತರಿಸಿದರೆ ಅತಿ ಹೆಚ್ಚಿನ ಬಾಲಕರ ಅಳತೆಯಾದ 6ನ್ನೇ ಕಡೆಗಣಿಸಿದಂತಾಗುತ್ತದೆ. ಒಂದು ಪಕ್ಷ 6ಕ್ಕೂ 7ಕ್ಕೂ ಇಪ್ಪತ್ತಿಪ್ಪತ್ತು ಬಾಲಕರಿದ್ದಿದ್ದರೆ ಬಹುಲಕಗಳು ಎರಡೆಂದು ಹೇಳಬೇಕೇ ಹೊರತು 6½ ಎಂದು ನಡುವಣ ಬೆಲೆಯನ್ನು ಹೇಳುವಂತಿಲ್ಲ.

ಕೊನೆಯದು ಸಂಭವನೀಯತೆ. 72 ಬಾಲಕರ ಹೆಸರುಗಳನ್ನು ಒಂದೇ ಗಾತ್ರದ ಚೀಟಿಗಳಲ್ಲಿ ಬರೆದು, ಮಡಿಸಿ, ಡಬ್ಬಿಯಲ್ಲಿ ಹಾಕಿ ಚೆನ್ನಾಗಿ ಅಲುಗಿಸಿ, ನೋಡದೆ ಒಂದನ್ನು ಎತ್ತಿದರೆ, ಆ ಬಾಲಕನ ಪಾದದ ಅಳತೆ 6 ಆಗಿರುವ ಸಂಭವನೀಯತೆ ಎಷ್ಟು? ಅನುಕೂಲವಾದ ಚೀಟಿಗಳು 21, ಒಟ್ಟು ಚೀಟಿಗಳು 72. ಆದುದರಿಂದ 21/72, ಸಂಕ್ಷೇಪಿಸಿದರೆ 7/24. ಇದನ್ನು ಕೋನದಿಂದ ನೇರವಾಗಿಯೂ ಪಡೆಯಬಹುದು: 105/360 ಎಂದರೂ 7/24. ಒಟ್ಟು ಸಂಖ್ಯೆಯನ್ನು ಕೊಡದಿರುವ ನಕ್ಷೆಯಿಂದ ಆವೃತ್ತಿಯನ್ನು ಹೇಳಲಾಗದಿದ್ದರೂ ಸಂಭವನೀಯತೆಯನ್ನು ಹೇಳಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ. 8 ಅಥವಾ ಅದಕ್ಕಿಂತ ದೊಡ್ಡ ಅಳತೆಯ ಸಂಭವನೀಯತೆ ಕೇಳಿದರೆ ಎರಡು ಖಂಡಗಳ ಕೋನಗಳನ್ನು ಕೂಡಬೇಕು: 80 + 40 = 120; 120/360, ಅಂದರೆ 1/3.

ಓರೆಚಿತ್ರದ ಕೋನವನ್ನೇ ಹಿಡಿದವನಿಗೆ 6ರ ಸಂಭವನೀಯತೆ 92½/360, ಎಂದರೆ ಸುಮಾರು 0.26 ಎಂದು ಬರುತ್ತದೆ. ನಿಜವಾದ ಬೆಲೆ ಸುಮಾರು 0.29. ಇದಕ್ಕಿಂತಲೂ ಮೋಸಗೊಳಿಸುವ ಸಂಗತಿ ಬೇರೊಂದಿದೆ. ‘ಬಹುಲಕವಾದ ಅಳತೆಯ ಬಾಲಕನು ಸಿಗುವ ಸಂಭವನೀಯತೆ ಎಷ್ಟು?’ ಎಂದು ಪ್ರಶ್ನೆ ಕೇಳಿದರೆ, ಬಹುಲಕ 7 ಎಂದು ತಪ್ಪಾಗಿ ಕಂಡುಕೊಂಡ ಹುಡುಗನೂ 21/72 ಎಂದೇ ಬರೆಯುತ್ತಾನೆ. ಅಂತಿಮ ಉತ್ತರವನ್ನು ಮಾತ್ರ ನೋಡಿ ಅಂಕ ಕೊಡುವ ಪರೀಕ್ಷಕರು ಅವನಿಗೆ ಪೂರ್ಣ ಅಂಕಗಳನ್ನು ಕೊಟ್ಟುಬಿಡುತ್ತಾರೆ.

ಚೀಟಿ ಎತ್ತುವ ಮಾತನ್ನು ಇಲ್ಲಿ ಬೇಕೆಂದೇ ಸೇರಿಸಲಾಗಿದೆ. ಪ್ರತಿಯೊಬ್ಬ ಬಾಲಕನಿಗೂ ಸಮಾನ ಅವಕಾಶವಿದ್ದಾಗ ಮಾತ್ರ ಖಂಡದ ಪಾಲು ಸಂಭವನೀಯತೆಯಾಗುತ್ತದೆ. ಕಛೇರಿಯ ಬಾಗಿಲಿಗೆ ಮೊದಲು ಓಡಿಬರುವ ಬಾಲಕನ ಅಳತೆ 6 ಆಗಿರುವ ಸಂಭವನೀಯತೆಯೂ 7/24 ಎನ್ನುವಂತಿಲ್ಲ. ಮೊದಲು ಓಡಿಬರುವವನು ದೊಡ್ಡ ತರಗತಿಯ, ನೀಳಗಾಲಿನ ಹುಡುಗನಾಗಿರುವುದು ಹೆಚ್ಚು. ಅಂತಹವನ ಪಾದವೂ ದೊಡ್ಡದೇ. ಮುಂದಿನ ವರ್ಷ ಸೇರುವ ಬಾಲಕರಿಗೂ ಈ ಸಂಖ್ಯೆ ಸಲ್ಲದು. ಈಗ ಇರುವವರ ಪಾದಗಳು ಸಹ ಬೆಳೆಯುತ್ತಲೇ ಇರುತ್ತವೆ.

ದಾನಿಗಳಿಗೆ ಹೋಗಬೇಕಾದ ಪಟ್ಟಿ ಈಗ ಸಿದ್ಧವಾದಂತಾಯಿತು: 5ರ ಅಳತೆ 8 ಜೊತೆ, 6ರದು 21, 7ರದು 19, 8ರದು 16, 9ರದು 8. ಮುಂದಿನ ಸಲ ನಕ್ಷೆಯನ್ನು ಬರೆಯಿಸುವಾಗ ಪ್ರತಿ ಖಂಡದೊಳಗೆ ಅಳತೆಯ ಕೆಳಗೆ ಬಾಲಕರ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆಯಿಸಿದರೆ, ಚಿತ್ರವನ್ನು ಯಾವ ಮೂಲೆಯಲ್ಲಿ ನಿಂತು ತೆಗೆದರೂ 21 ಎಂಬುದು 21 ಆಗಿಯೇ ಓದಿಸಿಕೊಳ್ಳುತ್ತದೆ.